ಪೊಲೀಸರು ಮೊಬೈಲ್ ಜಪ್ತಿ ಮಾಡಿದ್ರೆ ಪಾಸ್‌ವರ್ಡ್ ಹೇಳಲೇಬೇಕಾ? ಕರ್ನಾಟಕದಲ್ಲಿ ಕಾನೂನು ಏನು ಹೇಳುತ್ತೆ, ಅಂಗಡಿಯವರು ಏನು ತಿಳ್ಕೊಂಡಿರಬೇಕು

ಸೈಬರ್ ವಂಚನೆ ಕೇಸುಗಳು ಈಗ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ತಾಲ್ಲೂಕಿನ ರೀಚಾರ್ಜ್ ಅಂಗಡಿ, ಜೆರಾಕ್ಸ್ ಅಂಗಡಿ, ಬೇಕರಿಗಳಿಗೂ ಬೇರೆ ಜಿಲ್ಲೆಯ ಸೆನ್ ಠಾಣೆ ಪೊಲೀಸರು ಬಂದು ವಿಚಾರಣೆ ಮಾಡ್ತಿದ್ದಾರೆ. ವಿಚಾರಣೆ ಅಂದ ಮೇಲೆ ಮೊದಲು ಕೇಳೋದೇ ಮೊಬೈಲ್. ಅದರ ಹಿಂದೆಯೇ ಬರೋ ಮಾತು, 'ಲಾಕ್ ತೆಗಿ, ಪಾಸ್‌ವರ್ಡ್ ಹೇಳು'. ಹೇಳದಿದ್ರೆ ಏನಾಗುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಹೇಳಿದ್ರೆ ಏನಾಗುತ್ತೆ ಅನ್ನೋದೂ ಗೊತ್ತಿಲ್ಲ.

ಇದಕ್ಕೆ ಕರ್ನಾಟಕದಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರ ಇದೆ. 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ತೀರ್ಪು ಅದು. ವಕೀಲರ ಬಾಯಲ್ಲಿ ಅದು 'ವೀರೇಂದ್ರ ಖನ್ನಾ ಕೇಸು'. ಬೆಂಗಳೂರಿನ ಡ್ರಗ್ಸ್ ಪ್ರಕರಣವೊಂದರಲ್ಲಿ ಆರೋಪಿಯ ಮೊಬೈಲ್ ಮತ್ತು ಇಮೇಲ್ ಪಾಸ್‌ವರ್ಡ್ ಪೊಲೀಸರಿಗೆ ಬೇಕಿತ್ತು. ವಿಚಾರಣಾ ನ್ಯಾಯಾಲಯ ಪಾಸ್‌ವರ್ಡ್ ಕೊಡುವಂತೆ ಆದೇಶ ಮಾಡಿತು, ಆಮೇಲೆ ಸುಳ್ಳು ಪತ್ತೆ ಪರೀಕ್ಷೆಗೂ ಆದೇಶ ಮಾಡಿತು. ಅದರ ವಿರುದ್ಧ ಆರೋಪಿ ಹೈಕೋರ್ಟಿಗೆ ಹೋದ್ರು. ಒಪ್ಪಿಗೆ ಇಲ್ಲದೆ ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಸೆಲ್ವಿ ಪ್ರಕರಣದಲ್ಲಿ ಹೇಳಿತ್ತು, ಅದೂ ಕರ್ನಾಟಕದಿಂದಲೇ ಹೋದ ಕೇಸು. ಹಾಗಾಗಿ ಆ ಪರೀಕ್ಷೆಯ ಆದೇಶವನ್ನು ಹೈಕೋರ್ಟ್ ರದ್ದು ಮಾಡಿತು. ಪಾಸ್‌ವರ್ಡ್ ವಿಚಾರಕ್ಕೆ ಮಾತ್ರ ಬೇರೆ ದಾರಿ ಹಾಕಿಕೊಟ್ಟಿತು.

ಹೈಕೋರ್ಟ್ ಹೇಳಿದ್ದೇನು

ತೀರ್ಪಿನ ಸಾರ ಹೀಗಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೇಳೋದು ತಪ್ಪಲ್ಲ. ಆರೋಪಿ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ರೆ ತನಿಖಾಧಿಕಾರಿ ಕೋರ್ಟಿಗೆ ಹೋಗಿ ಶೋಧನಾ ವಾರಂಟ್ ಕೇಳಬೇಕು. ಮೊಬೈಲ್ ಒಳಗೆ ನೋಡೋದು ಅಂದ್ರೆ ಮನೆ ಶೋಧನೆ ಮಾಡಿದ ಹಾಗೆ ಅಂತ ಕೋರ್ಟ್ ಪರಿಗಣಿಸಿತು. ಕಾಯೋಕೆ ಆಗದ ತುರ್ತು ಇದ್ರೆ ಮಾತ್ರ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಿ ವಾರಂಟ್ ಇಲ್ಲದೆ ಶೋಧಿಸಬಹುದು.

ವಾರಂಟ್ ಬಂದ ಮೇಲೂ ಆರೋಪಿ ಬಾಯಿ ಬಿಡದಿದ್ರೆ? ಹೊಡೆದು ಬಡಿದು ಹೇಳಿಸೋಕೆ ಆಗಲೂ ಅವಕಾಶ ಇಲ್ಲ. ಆದರೆ ಆತನ ವಿರುದ್ಧ ಪ್ರತಿಕೂಲ ಊಹೆ ಮಾಡಲು ಕೋರ್ಟಿಗೆ ಅವಕಾಶ ಇದೆ. ಅಂದ್ರೆ, 'ಒಳಗೆ ಏನೋ ಇದೆ, ಅದಕ್ಕೇ ಮುಚ್ಚಿಡ್ತಿದ್ದಾನೆ' ಅಂತ ಭಾವಿಸಬಹುದು. ಜೊತೆಗೆ ತಯಾರಕ ಕಂಪನಿ ಅಥವಾ ಪರಿಣತ ಸಂಸ್ಥೆಯ ನೆರವಿನಿಂದ ಲಾಕ್ ಒಡೆಸುವುದಕ್ಕೂ ದಾರಿ ಇದೆ. ಹಾಗೆ ಒಡೆಸುವಾಗ ಡೇಟಾ ಹಾಳಾದ್ರೆ ಅದರ ಭಾರ ಪಾಸ್‌ವರ್ಡ್ ಕೊಡದವನ ಮೇಲೂ ಬೀಳುತ್ತೆ. ಒಟ್ಟಿನಲ್ಲಿ ಸುಮ್ಮನಿರೋ ಹಕ್ಕು ಇದೆ, ಆದರೆ ಅದು ಪುಕ್ಕಟೆ ಅಲ್ಲ.

ಸಂವಿಧಾನದ 20(3)ನೇ ವಿಧಿ ಪ್ರಕಾರ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಬಲವಂತ ಮಾಡುವ ಹಾಗಿಲ್ಲ. ಪಾಸ್‌ವರ್ಡ್ ಕೇಳೋದು ಅದೇ ಆಗಲ್ವಾ ಅಂತ ಆರೋಪಿ ಪರ ವಾದ ಇತ್ತು. ಹೈಕೋರ್ಟ್ ಒಪ್ಪಲಿಲ್ಲ. ಬೆರಳಚ್ಚು, ಕೈಬರಹದ ಮಾದರಿ ಕೊಟ್ಟ ಹಾಗೇ ಇದು, ಪಾಸ್‌ವರ್ಡ್ ತಾನಾಗಿ ಯಾವ ತಪ್ಪನ್ನೂ ಒಪ್ಪಿಕೊಳ್ಳೋದಿಲ್ಲ ಅಂದಿತು. ಬೆರಳಚ್ಚು ಸಾಕ್ಷ್ಯ ಹೇಳಿದ ಹಾಗಲ್ಲ ಅನ್ನೋದು 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕಥಿ ಕಾಲು ಒಘಡ್ ಪ್ರಕರಣದಲ್ಲಿ ತೀರ್ಮಾನಿಸಿದ್ದು.

ದೆಹಲಿಯಲ್ಲಿ ಬೇರೆ ರೀತಿ ಹೇಳಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಶೇಷ ಸಿಬಿಐ ನ್ಯಾಯಾಲಯ, ಬೆರಳಚ್ಚು ಬೇರೆ, ತಲೆಯಲ್ಲಿರೋ ಪಾಸ್‌ವರ್ಡ್ ಬೇರೆ, ಎರಡನೆಯದನ್ನು ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವಂತಿಲ್ಲ ಅಂತ ಆದೇಶ ಮಾಡಿತು. ಪಾಸ್‌ವರ್ಡ್ ಅನ್ನೋದು ನೆನಪಿನಿಂದ ಹೇಳಬೇಕಾದ ಮಾತು, ದೇಹದ ಗುರುತಲ್ಲ ಅನ್ನೋದು ಅಲ್ಲಿನ ತರ್ಕ. ಓದಿದ್ರೆ ದೆಹಲಿಯ ತರ್ಕವೇ ಹೆಚ್ಚು ಗಟ್ಟಿ ಅನ್ನಿಸುತ್ತೆ. ಆದರೆ ನಮ್ಮ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿಗೆ ಅನ್ವಯ ಆಗೋದು ಕರ್ನಾಟಕ ಹೈಕೋರ್ಟಿನ ತೀರ್ಪು. 'ದೆಹಲಿ ಕೋರ್ಟು ಹೀಗೆ ಹೇಳಿದೆ' ಅನ್ನೋ ವಾಟ್ಸಾಪ್ ಫಾರ್ವರ್ಡ್ ನಂಬ್ಕೊಂಡು ಠಾಣೆಯಲ್ಲಿ ವಾದಕ್ಕೆ ನಿಂತ್ರೆ ಉಪಯೋಗ ಇಲ್ಲ.

ಒಂದು ರೀಚಾರ್ಜ್ ಅಂಗಡಿಯ ಉದಾಹರಣೆ

ಹೇಗೆ ನಡೆಯುತ್ತೆ ಅಂತ ಒಂದು ಉದಾಹರಣೆ ಇಟ್ಕೊಂಡು ನೋಡೋಣ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ರು ರೀಚಾರ್ಜ್ ಅಂಗಡಿ ಇಟ್ಟಿದ್ದಾರೆ ಅಂದ್ಕೊಳ್ಳಿ. ಗುರುತಿಲ್ಲದ ಒಬ್ಬ ಬಂದು ಕ್ಯೂಆರ್‌ಗೆ 5,000 ಹಾಕಿಸಿ, 4,900 ನಗದು ತಗೊಂಡು ಹೋದ. ನೂರು ರೂಪಾಯಿ ಕಮಿಷನ್. ಎಲ್ಲ ಕಡೆ ನಡೆಯೋದೇ. ಆ 5,000 ಬೇರೆ ಊರಲ್ಲಿ ಯಾರಿಗೋ ಮೋಸ ಮಾಡಿ ಎತ್ತಿದ ದುಡ್ಡು. ದುಡ್ಡಿನ ಜಾಡು ಹಿಡಿದು ಎರಡು ತಿಂಗಳ ನಂತರ ಪೊಲೀಸರು ಅಂಗಡಿಗೆ ಬಂದ್ರು.

ಅಂಗಡಿಯವರು ಮೊದಲು ತಿಳ್ಕೋಬೇಕಾದ್ದು, ತಮ್ಮನ್ನು ಯಾವ ಲೆಕ್ಕದಲ್ಲಿ ಕರೀತಿದ್ದಾರೆ ಅನ್ನೋದು. ಹಳೇ ಸಿಆರ್‌ಪಿಸಿ ಬದಲು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 179ನೇ ಸೆಕ್ಷನ್ ನೋಟಿಸ್ ಅಂದ್ರೆ ಸಾಕ್ಷಿ. 35(3) ನೋಟಿಸ್ ಅಂದ್ರೆ ಅನುಮಾನ ಅವರ ಮೇಲೇ ಇದೆ. 94ನೇ ಸೆಕ್ಷನ್ ಪ್ರಕಾರ ಬಂದಿದ್ರೆ ಒಂದು ವಸ್ತು ಅಥವಾ ದಾಖಲೆ ಹಾಜರು ಮಾಡಿ ಅಂತ ಅರ್ಥ. ಡಿಜಿಟಲ್ ಸಾಕ್ಷ್ಯ ಇರಬಹುದಾದ ಮೊಬೈಲ್ ಥರದ ಸಾಧನಗಳನ್ನೂ ಈ 94ರಲ್ಲಿ ಈಗ ಹೆಸರಿಸಿಯೇ ಸೇರಿಸಿದ್ದಾರೆ. ಸಾಕ್ಷಿಯಾಗಿ ಹೋದವರಿಗೂ ಒಂದು ರಕ್ಷಣೆ ಇದೆ. 180(2)ನೇ ಸೆಕ್ಷನ್ ಪ್ರಕಾರ ಕೇಳಿದ್ದಕ್ಕೆ ನಿಜ ಹೇಳಬೇಕು, ಆದರೆ ತನ್ನನ್ನೇ ಕ್ರಿಮಿನಲ್ ಕೇಸಿಗೆ ಸಿಕ್ಕಿಸೋ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ.

ನೋಟಿಸ್ ಇಲ್ಲದೆ ಬಂದ್ರೂ ಪೊಲೀಸರಿಗೆ ಮೊಬೈಲ್ ವಶಕ್ಕೆ ತಗೊಳ್ಳೋ ಅಧಿಕಾರ ಇದೆ. 106ನೇ ಸೆಕ್ಷನ್ ಪ್ರಕಾರ ಅಪರಾಧಕ್ಕೆ ಸಂಬಂಧ ಇದೆ ಅನ್ನೋ ಅನುಮಾನ ಹುಟ್ಟಿಸುವ ಸಂದರ್ಭದಲ್ಲಿ ಸಿಕ್ಕ ಯಾವುದೇ ಸ್ವತ್ತನ್ನು ಜಪ್ತಿ ಮಾಡಬಹುದು, ಅದಕ್ಕೆ ವಾರಂಟ್ ಬೇಡ. ಹಾಗಾಗಿ 'ವಾರಂಟ್ ಇಲ್ಲದೆ ಫೋನ್ ಮುಟ್ಟಬೇಡಿ' ಅನ್ನೋದು ಸಿನಿಮಾ ಡೈಲಾಗ್ ಅಷ್ಟೇ. ಕೈಯಿಂದ ಕಿತ್ಕೊಳ್ಳೋದು, ತಳ್ಳೋದು ಮಾಡಿದ್ರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಇನ್ನೊಂದು ಕೇಸು ಸೇರ್ಕೊಳ್ಳುತ್ತೆ. ಫೋನನ್ನು ವಶಕ್ಕೆ ತಗೊಳ್ಳೋದು ಒಂದು ಅಧಿಕಾರ, ಅದರ ಲಾಕ್ ತೆಗೆದು ಒಳಗೆ ನೋಡೋದು ಇನ್ನೊಂದು. ಬಹಳ ಜನ ಈ ಎರಡನ್ನೂ ಒಂದೇ ಅಂದ್ಕೊಂಡು ಫೋನ್ ಜೊತೆಗೇ ಪಾಸ್‌ವರ್ಡನ್ನೂ ಕೊಟ್ಟುಬಿಡ್ತಾರೆ.

ನಮ್ಮ ಉದಾಹರಣೆಯ ಅಂಗಡಿಯವರು ಇಲ್ಲಿ ಹೇಳಬಹುದಾದ ಮಾತು ಇಷ್ಟೇ. 'ಸರ್, ಫೋನ್ ತಗೊಳ್ಳಿ, ಮಹಜರು ಮಾಡಿ ಕಾಪಿ ಕೊಡಿ. ಪಾಸ್‌ವರ್ಡ್ ಬಗ್ಗೆ ನಮ್ಮ ವಕೀಲರನ್ನ ಕೇಳಿ ಲೆಟರ್‌ನಲ್ಲಿ ಉತ್ತರ ಕೊಡ್ತೀನಿ.' ದನಿ ಎತ್ತಬೇಕಿಲ್ಲ. ಈ ಮಾತು ತನಿಖೆಗೆ ಅಡ್ಡಿ ಮಾಡಿದ ಹಾಗೆ ಆಗೋದಿಲ್ಲ.

ಪಾಸ್‌ವರ್ಡ್ ಕೊಡೋದೇ ಒಳ್ಳೇದು ಅನ್ನಿಸೋ ಸಂದರ್ಭವೂ ಇರುತ್ತೆ. ಈ ಅಂಗಡಿಯವರ ವಿಚಾರದಲ್ಲಿ ಆ ದಿನದ ಯುಪಿಐ ಹಿಸ್ಟರಿ, ಬಂದವನ ಜೊತೆ ನಡೆದ ಮೆಸೇಜು ಅವರ ಪರವಾಗೇ ಇರಬಹುದು. ಆಗ ಏನು ಬೇಕೋ ಅದನ್ನು ತಾವೇ ತೆರೆದು ತೋರಿಸಿ, ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿ ಕೊಟ್ಟು, ಸ್ವೀಕೃತಿ ತಗೊಳ್ಳೋ ದಾರಿ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಅಂತೂ ಪೊಲೀಸರಿಗೆ ಬ್ಯಾಂಕಿನಿಂದಲೇ ಸಿಗುತ್ತೆ, ಅದಕ್ಕೆ ಫೋನ್ ಬೇಕಾಗೇ ಇಲ್ಲ. ತಾನಾಗಿ ಪಾಸ್‌ವರ್ಡ್ ಕೊಟ್ಟರೆ ಒಪ್ಪಿಗೆ ಕೊಟ್ಟ ಹಾಗೆ. ಆಮೇಲೆ ವಾರಂಟ್ ಬೇಕಿಲ್ಲ, ಇಡೀ ಫೋನ್ ತೆರೆದ ಪುಸ್ತಕ.

ಬೆರಳು, ಮುಖ ಮತ್ತು ನಂಬರ್

ಲಾಕ್ ಬೆರಳಚ್ಚಿನದೋ ನಂಬರಿನದೋ ಅನ್ನೋದು ಕಾನೂನಿನಲ್ಲೂ ವ್ಯತ್ಯಾಸ ಮಾಡುತ್ತೆ, ಠಾಣೆಯಲ್ಲೂ ಮಾಡುತ್ತೆ. ಕಾನೂನಿನ ಪ್ರಕಾರ ಬೆರಳು, ಮುಖ ದೇಹದ ಗುರುತುಗಳು. ಅದಕ್ಕೆ ರಕ್ಷಣೆ ಕಡಿಮೆ ಅಂತ ದೆಹಲಿ ಕೋರ್ಟೂ ಒಪ್ಪಿದೆ. ಠಾಣೆಯಲ್ಲಂತೂ ಕೈ ಹಿಡಿದು ಸೆನ್ಸರ್ ಮೇಲೆ ಒತ್ತಿಸೋಕೆ, ಮುಖದ ಮುಂದೆ ಫೋನ್ ಹಿಡಿಯೋಕೆ ಎರಡು ಸೆಕೆಂಡ್ ಸಾಕು. ಆಗ ಒಪ್ಪಿಗೆ ಇತ್ತೋ ಇಲ್ಲವೋ ಅಂತ ಆಮೇಲೆ ಸಾಬೀತು ಮಾಡೋದು ಕಷ್ಟ.

ಫೋನ್ ಸ್ವಿಚ್ ಆಫ್ ಆಗಿ ಮತ್ತೆ ಆನ್ ಆದ್ರೆ ಮೊದಲ ಸಲ ನಂಬರ್ ಅಥವಾ ಪ್ಯಾಟರ್ನ್ ಹಾಕಲೇಬೇಕು, ಬೆರಳು ನಡೆಯೋಲ್ಲ. ಇದು ಎಲ್ಲರೂ ದಿನಾ ನೋಡ್ತಿರೋದೇ. ಫೊರೆನ್ಸಿಕ್‌ನವರಿಗೂ ಹಾಗೆ ಆಫ್ ಆಗಿ ಆನ್ ಆದ ಫೋನಿನಿಂದ ಡೇಟಾ ತೆಗೆಯೋದು ಹೆಚ್ಚು ಕಷ್ಟ. ಈ ಥರದ ಕಾರಣಕ್ಕೇ ಹೈಕೋರ್ಟ್ ತನ್ನ ತೀರ್ಪಿನಲ್ಲಿ ಪೊಲೀಸರಿಗೆ ಸೂಚನೆ ಕೊಟ್ಟಿದೆ. ಆಫ್ ಆಗಿರೋ ಸಾಧನವನ್ನು ಆನ್ ಮಾಡಬಾರದು. ಆನ್ ಆಗಿರೋ ಮೊಬೈಲಿಗೆ ನೆಟ್‌ವರ್ಕ್ ಸಿಗದ ಹಾಗೆ ಫ್ಯಾರಡೆ ಬ್ಯಾಗ್ ಒಳಗೆ ಇಡಬೇಕು, ಬ್ಯಾಗ್ ಇಲ್ಲದಿದ್ರೆ ಏರೋಪ್ಲೇನ್ ಮೋಡ್ ಹಾಕಬೇಕು, ಸಾಗಿಸುವಾಗ ಬ್ಯಾಟರಿ ಇಳಿಯದಂತೆ ನೋಡ್ಕೋಬೇಕು. ಫ್ಯಾರಡೆ ಬ್ಯಾಗ್ ಅಂದ್ರೆ ಸಿಗ್ನಲ್ ಒಳಗೆ ಹೋಗದ ಹಾಗೆ ಲೋಹದ ಪದರ ಇರೋ ಚೀಲ. ನೆಟ್‌ವರ್ಕ್ ಇದ್ರೆ ಯಾರಾದರೂ ದೂರದಿಂದಲೇ ಫೋನ್ ಅಳಿಸಿಬಿಡಬಹುದು ಅನ್ನೋ ಭಯ ಪೊಲೀಸರಿಗೆ. ಜಪ್ತಿ ಆದ ಮೇಲೆ ಯಾರೋ ಹೊಸ ಮೆಸೇಜು ತುರುಕಬಹುದು ಅನ್ನೋ ಭಯ ಆರೋಪಿಗೆ. ನೆಟ್‌ವರ್ಕ್ ಕಟ್ ಮಾಡಿದ್ರೆ ಇಬ್ಬರಿಗೂ ಒಳ್ಳೇದೇ. ಜಪ್ತಿ ಮಾಡಿದ ಫೋನನ್ನು ಟೇಬಲ್ ಡ್ರಾಯರ್‌ನಲ್ಲಿ ಹಾಗೇ ಬಿಟ್ಟಿದ್ದು ಕಂಡ್ರೆ ಅದನ್ನು ವಕೀಲರಿಗೆ ಹೇಳಬೇಕು, ಮುಂದೆ ಕೋರ್ಟಿನಲ್ಲಿ ಅದು ಲೆಕ್ಕಕ್ಕೆ ಬರುತ್ತೆ.

ಪೊಲೀಸರು ಬರ್ತಾರೆ ಅಂತ ಗೊತ್ತಾಗಿ ಫೋನ್ ಫಾರ್ಮ್ಯಾಟ್ ಮಾಡೋದು, ಚಾಟ್ ಅಳಿಸೋದು ಮಾತ್ರ ಯಾವ ಕಾರಣಕ್ಕೂ ಬೇಡ. ಸಾಕ್ಷ್ಯ ಆಗಬಹುದಾದ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 241ನೇ ಸೆಕ್ಷನ್ ಪ್ರಕಾರ ಬೇರೆಯೇ ಅಪರಾಧ, 3 ವರ್ಷದವರೆಗೆ ಶಿಕ್ಷೆ ಇದೆ. ನಮ್ಮ ಅಂಗಡಿಯವರು ಮೋಸದಲ್ಲಿ ಪಾಲುದಾರರಲ್ಲ. ಆದರೆ ಗಾಬರಿಯಿಂದ ಚಾಟ್ ಅಳಿಸಿದ್ರೆ ಸಾಕ್ಷಿಯಾಗಿದ್ದವರು ಆರೋಪಿ ಆಗಿಬಿಡಬಹುದು.

ಮಹಜರಿನಲ್ಲಿ ಏನಿರಬೇಕು

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮಹಜರಿನ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ನಿಜವಾಗಿ ಕೇಸು ನಿಲ್ಲೋದೂ ಬೀಳೋದೂ ಅಲ್ಲೇ.

ಶೋಧನೆ ಮಾಡುವಾಗ ಆ ಭಾಗದ ಇಬ್ಬರು ಅಥವಾ ಹೆಚ್ಚು ಜನ ಸ್ವತಂತ್ರ, ಗೌರವಸ್ಥ ಪಂಚರು ಇರಬೇಕು ಅಂತ 103ನೇ ಸೆಕ್ಷನ್ ಹೇಳುತ್ತೆ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಪಂಚರ ಸಹಿ ಹಾಕಿಸಿ, ಅದರ ಪ್ರತಿಯನ್ನು ಆ ಜಾಗದಲ್ಲಿ ಇರುವವರಿಗೆ ಕೊಡಬೇಕು. ಹೊಸ ಕಾನೂನಿನ 105ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಶೋಧನೆ ಮತ್ತು ಜಪ್ತಿ ಇಡೀ ಪ್ರಕ್ರಿಯೆಯನ್ನು, ಪಟ್ಟಿ ಬರೆದು ಸಹಿ ಹಾಕೋದೂ ಸೇರಿ, ಆಡಿಯೋ ವಿಡಿಯೋ ರೆಕಾರ್ಡ್ ಮಾಡಬೇಕು ಅನ್ನುತ್ತೆ. ಆ ರೆಕಾರ್ಡಿಂಗನ್ನು ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಪೊಲೀಸರೇ ತಮ್ಮ ಮೊಬೈಲಿನಲ್ಲಿ ಈ ವಿಡಿಯೋ ಮಾಡ್ಕೋತಾರೆ. 'ಸರ್, ವಿಡಿಯೋ ಆಗ್ತಿದೆಯಲ್ವಾ?' ಅಂತ ಅಂಗಡಿಯವರು ಕೇಳಿದ್ರೆ ಅದು ಉದ್ಧಟತನ ಅಲ್ಲ, ಕಾನೂನಲ್ಲಿ ಇರೋದನ್ನೇ ಕೇಳಿದ ಹಾಗೆ.

ಪಟ್ಟಿಯಲ್ಲಿ 'ಒಂದು ಕಪ್ಪು ಬಣ್ಣದ ಮೊಬೈಲ್' ಅಂತ ಬರೆದ್ರೆ ಏನೂ ಬರೆಯದ ಹಾಗೆ. ಕಂಪನಿ, ಮಾಡೆಲ್, ಐಎಂಇಐ ನಂಬರ್ ಇರಬೇಕು. ಎರಡು ಸಿಮ್ ಫೋನಾದ್ರೆ ಎರಡು ಐಎಂಇಐ ಇರುತ್ತೆ. ಫೋನಿನಲ್ಲಿ ಈ ಕೆಳಗಿನದನ್ನು ಒತ್ತಿದ್ರೆ ಅದು ತೋರಿಸುತ್ತೆ.

```
*#06#
```

ಇದನ್ನು ಇವತ್ತೇ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಕೊಳ್ಳೋದು ಒಳ್ಳೇದು. ಫೋನ್ ಕಳೆದ್ರೂ ಬೇಕಾಗುತ್ತೆ, ಜಪ್ತಿ ಆದ್ರೂ ಬೇಕಾಗುತ್ತೆ. ಇದರ ಜೊತೆ ಸಿಮ್ ಎಷ್ಟು, ಮೆಮೊರಿ ಕಾರ್ಡ್ ಇತ್ತಾ, ಗ್ಲಾಸ್ ಒಡೆದಿತ್ತಾ, ವಶಕ್ಕೆ ತಗೊಂಡಾಗ ಆನ್ ಇತ್ತಾ ಆಫ್ ಇತ್ತಾ, ಎಷ್ಟು ಹೊತ್ತಿಗೆ ತಗೊಂಡ್ರು, ಕವರಿಗೆ ಹಾಕಿ ಸೀಲ್ ಮಾಡಿದ್ರಾ ಇವೂ ಮಹಜರಿನಲ್ಲಿ ಬರಬೇಕು. ಪಾಸ್‌ವರ್ಡ್ ಕೊಟ್ಟಿದ್ರೆ ಯಾರು ಕೇಳಿದ್ರು, ತಾನಾಗಿ ಕೊಟ್ಟಿದ್ದಾ ಅನ್ನೋದೂ ಬರಲಿ. ಓದದೆ ಸಹಿ ಹಾಕೋದು, ಖಾಲಿ ಹಾಳೆಗೆ ಸಹಿ ಹಾಕೋದು ಬೇಡ.

ಸಮಯ ಯಾಕೆ ಮುಖ್ಯ ಅಂದ್ರೆ, ಫೊರೆನ್ಸಿಕ್ ವರದಿಯಲ್ಲಿ ಫೋನ್ ಕೊನೇ ಸಲ ಯಾವಾಗ ಬಳಕೆಯಾಗಿದೆ ಅನ್ನೋದು ಗೊತ್ತಾಗುತ್ತೆ. ಮಹಜರಿನಲ್ಲಿ ಬೆಳಗ್ಗೆ 11ಕ್ಕೆ ಸೀಲ್ ಆಯ್ತು ಅಂತ ಇದ್ದು, ಫೋನಿನಲ್ಲಿ ಸಂಜೆ 6ಕ್ಕೆ ವಾಟ್ಸಾಪ್ ತೆರೆದಿರೋದು ಕಂಡ್ರೆ ಯಾರೋ ಸೀಲ್ ಹಾಕೋ ಮುಂಚೆ ಅಥವಾ ಒಡೆದು ಒಳಗೆ ಕೈ ಹಾಕಿದ್ದಾರೆ ಅಂತ ಆಯ್ತು. ಡೇಟಾ ತೆಗೆದ ಮೇಲೆ ಅದಕ್ಕೆ ಒಂದು ಹ್ಯಾಷ್ ಮೌಲ್ಯ ಬರೀತಾರೆ. ಅದು ಇಡೀ ಡೇಟಾಗೆ ಹಾಕಿದ ಬೆರಳಚ್ಚು ಇದ್ದ ಹಾಗೆ, ಒಳಗೆ ಒಂದು ಅಕ್ಷರ ಬದಲಾದ್ರೂ ಆ ಮೌಲ್ಯ ಪೂರ್ತಿ ಬದಲಾಗುತ್ತೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಕೊಡೋ ಪ್ರಮಾಣಪತ್ರದಲ್ಲಿ ಈ ಹ್ಯಾಷ್ ಇರಬೇಕು. ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದಾಗ ವಕೀಲರು ಮೊದಲು ನೋಡಬೇಕಾದ ಹಾಳೆಗಳಲ್ಲಿ ಅದೂ ಒಂದು.

ಇಷ್ಟೆಲ್ಲ ತಪ್ಪಾದ್ರೂ ಸಾಕ್ಷ್ಯ ತಾನಾಗಿ ಬಿದ್ದುಹೋಗುತ್ತೆ ಅಂದ್ಕೊಳ್ಳೋ ಹಾಗಿಲ್ಲ. ಶೋಧನೆಯಲ್ಲಿ ದೋಷ ಇದ್ದರೂ ಸಿಕ್ಕ ವಸ್ತು ಕೇಸಿಗೆ ಸಂಬಂಧಪಟ್ಟಿದ್ರೆ ಕೋರ್ಟ್ ನೋಡಬಹುದು ಅನ್ನೋದು ಪೂರಣ್ ಮಲ್ ಪ್ರಕರಣದಿಂದ ಬಂದಿರೋ ನಿಯಮ. ಅಮೆರಿಕದ ಸಿನಿಮಾಗಳಲ್ಲಿ ತೋರಿಸೋ ಹಾಗೆ ವಾರಂಟ್ ಇಲ್ಲ ಅಂದ ತಕ್ಷಣ ಕೇಸು ವಜಾ ಆಗೋದಿಲ್ಲ. ದೋಷಗಳಿಂದ ಸಾಕ್ಷ್ಯದ ತೂಕ ಕಡಿಮೆ ಆಗಬಹುದು, ಅದೂ ಕಾಗದದಲ್ಲಿ ದಾಖಲಾಗಿದ್ರೆ.

ಖಾಸಗಿತನ ಎಲ್ಲಿಗೆ ನಿಲ್ಲುತ್ತೆ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆದರೆ ಆ ತೀರ್ಪಿನಲ್ಲೇ, ಕಾನೂನಿನ ಆಧಾರ ಇದ್ದು, ಸರಿಯಾದ ಉದ್ದೇಶಕ್ಕೆ, ಅಗತ್ಯದಷ್ಟೇ ಪ್ರಮಾಣದಲ್ಲಿ ಸರ್ಕಾರ ಈ ಹಕ್ಕಿಗೆ ಮಿತಿ ಹಾಕಬಹುದು ಅಂತಲೂ ಇದೆ. ಅಪರಾಧ ತನಿಖೆ ಆ ಮಿತಿಯೊಳಗೆ ಬರುತ್ತೆ ಅಂತ 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿತು.

ತೊಂದರೆ ಇರೋದು ಪ್ರಮಾಣದಲ್ಲಿ. ನಮ್ಮ ಅಂಗಡಿಯವರ ಕೇಸಿಗೆ ಬೇಕಾದ್ದು ಒಂದು ದಿನದ ಒಂದು ವ್ಯವಹಾರ. ಆದರೆ ಫೋನ್ ತೆರೆದ ಮೇಲೆ ಹೆಂಡತಿ ಮಕ್ಕಳ ಫೋಟೋ, ಡಾಕ್ಟರ್ ರಿಪೋರ್ಟು, ಸಾಲದ ಲೆಕ್ಕ, ಗಿರಾಕಿಗಳು ಜೆರಾಕ್ಸಿಗೆ ಅಂತ ವಾಟ್ಸಾಪ್ ಮಾಡಿದ ಆಧಾರ್ ಕಾರ್ಡುಗಳು ಎಲ್ಲ ಒಟ್ಟಿಗೇ ಹೋಗುತ್ತೆ. ಫೊರೆನ್ಸಿಕ್ ಪ್ರತಿ ತೆಗೆಯುವಾಗ ಸಾಮಾನ್ಯವಾಗಿ ಬೇಕಾದ್ದು ಬೇಡದ್ದು ಅಂತ ವಿಂಗಡಿಸೋದಿಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಆ್ಯಪ್ ಮಾತ್ರ ನೋಡಬೇಕು ಅಂತ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಮನವಿ ಮಾಡಬಹುದು. ಒಪ್ಪೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು. ಪಾಸ್‌ವರ್ಡ್ ಮೊದಲೇ ಹೇಳಿಬಿಟ್ಟವರಿಗೆ ಈ ಮನವಿ ಮಾಡೋ ಹೊತ್ತು ಸಿಗೋದೇ ಇಲ್ಲ. ತಕ್ಷಣ ಹೇಳಬೇಡಿ, ವಕೀಲರನ್ನ ಕೇಳಿ ಅನ್ನೋದಕ್ಕೆ ನಿಜವಾದ ಕಾರಣ ಇದು.

ಹೈಕೋರ್ಟ್ ಹಾಕಿರೋ ಒಂದು ಬೇಲಿ ಮಾತ್ರ ಗಟ್ಟಿಯಾಗಿದೆ. ಫೋನಿನಿಂದ ತೆಗೆದ ಮಾಹಿತಿಯನ್ನು ತನಿಖಾಧಿಕಾರಿ ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಕೊಡುವ ಹಾಗಿಲ್ಲ. ಕೊಟ್ಟರೆ ಕರ್ತವ್ಯಲೋಪ ಅಂತ ಅವರ ಮೇಲೆ ಕ್ರಮ ಆಗಬೇಕು. ಹಾಗಾಗಿ ಜಪ್ತಿ ಆದ ಫೋನಿನ ಫೋಟೋ ಅಥವಾ ಚಾಟ್ ಊರಿನ ಗ್ರೂಪಿನಲ್ಲಿ ಹರಿದಾಡಿದ್ರೆ ಸ್ಕ್ರೀನ್‌ಶಾಟ್ ಇಟ್ಕೊಂಡು ಎಸ್‌ಪಿ ಕಚೇರಿಗೂ ಸಂಬಂಧಪಟ್ಟ ಕೋರ್ಟಿಗೂ ಲಿಖಿತ ದೂರು ಕೊಡಬಹುದು. ಇನ್ನೊಂದು ಮಾತನ್ನೂ ಕೋರ್ಟ್ ಹೇಳಿದೆ: ಫೋನಿನಲ್ಲಿ ಏನೋ ಸಿಕ್ಕಿತು ಅಂದ ಮಾತ್ರಕ್ಕೆ ಅಪರಾಧ ಸಾಬೀತಾಗೋದಿಲ್ಲ, ಬೇರೆ ಸಾಕ್ಷ್ಯದ ಹಾಗೇ ಅದನ್ನೂ ಸಾಬೀತು ಮಾಡಬೇಕು.

ರಸ್ತೆಯಲ್ಲಿ ಬೈಕ್ ನಿಲ್ಲಿಸಿ 'ವಾಟ್ಸಾಪ್ ತೆಗೆದು ತೋರಿಸು' ಅನ್ನೋದು ಇದ್ಯಾವುದರ ಲೆಕ್ಕಕ್ಕೂ ಬರೋದಿಲ್ಲ. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಪೊಲೀಸರು ಗಾಂಜಾ ತಪಾಸಣೆ ಅಂತ ದಾರಿಹೋಕರ ಚಾಟ್ ನೋಡಿದ್ದು ವಿಡಿಯೋಗಳಲ್ಲಿ ಬಂದು ದೊಡ್ಡ ಸುದ್ದಿ ಆಗಿತ್ತು. ಕೇಸು ಇಲ್ಲದೆ, ಅನುಮಾನಕ್ಕೆ ಕಾರಣ ಇಲ್ಲದೆ ಎಲ್ಲರ ಫೋನ್ ಜಾಲಾಡೋ ಅಧಿಕಾರ ಯಾವ ಸೆಕ್ಷನ್‌ನಲ್ಲೂ ಇಲ್ಲ. 'ಯಾವ ಕೇಸು ಸರ್?' ಅಂತ ಕೇಳೋಕೆ ಅಡ್ಡಿ ಇಲ್ಲ.

ಯುಪಿಐ ಪಿನ್, ಒಟಿಪಿ ಈ ಚರ್ಚೆಯ ಒಳಗೇ ಬರೋದಿಲ್ಲ. ಫೋನಿನ ಲಾಕ್ ಬೇರೆ, ದುಡ್ಡು ಕಳಿಸೋ ಪಿನ್ ಬೇರೆ. ತನಿಖೆಗೆ ಪಿನ್ ಬೇಕಾಗೋದಿಲ್ಲ. ವಿಡಿಯೋ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಒಟಿಪಿ ಕೇಳೋನು ಪೊಲೀಸ್ ಅಲ್ಲ, ಕಳ್ಳ. ಕಟ್ ಮಾಡಿ 1930ಕ್ಕೆ ಫೋನ್ ಮಾಡಬೇಕು.

ಫೋನ್ ವಾಪಸ್ ಪಡೆಯೋದು

ಜಪ್ತಿ ಆದ ತಕ್ಷಣ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಠಾಣೆಯಲ್ಲಿ ಸ್ವತ್ತಿಗೆ ಪಿ.ಎಫ್. ನಂಬರ್ ಹಾಕ್ತಾರೆ. ಅಪರಾಧ ಸಂಖ್ಯೆ ಮತ್ತು ಪಿ.ಎಫ್. ನಂಬರ್ ಎರಡನ್ನೂ ಬರ್ಕೋಬೇಕು, ಇಲ್ಲದಿದ್ರೆ ವಕೀಲರು ಅರ್ಜಿ ಬರೆಯೋದೇ ಕಷ್ಟ. ಅಲ್ಲಿಂದ ಫೋನ್ ಫೊರೆನ್ಸಿಕ್ ಲ್ಯಾಬಿಗೆ, ಅಂದ್ರೆ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ ಅಥವಾ ಪ್ರಾದೇಶಿಕ ಲ್ಯಾಬಿಗೆ ಹೋಗುತ್ತೆ. ಅಲ್ಲಿ ಸರದಿ ಬರೋಕೆ ತಿಂಗಳುಗಟ್ಟಲೆ ಆಗೋದುಂಟು.

ಅಲ್ಲಿವರೆಗೆ ಅಂಗಡಿ ನಂಬರ್ ಬಂದ್ ಆಗಿರಬೇಕಾ? ಸಿಮ್ ತನಿಖೆಗೆ ಬೇಡ ಅಂದ್ರೆ ಮಹಜರಿನ ಹೊತ್ತಲ್ಲೇ ಅದನ್ನು ತೆಗೆದುಕೊಡಿ ಅಂತ ಕೇಳ್ಕೋಬಹುದು. ಕೊಟ್ರೆ ಅದನ್ನೂ ಮಹಜರಿನಲ್ಲಿ ಬರೆಸಬೇಕು. ಸಿಮ್ಮೂ ಜಪ್ತಿ ಆಗಿದ್ರೆ ಡೂಪ್ಲಿಕೇಟ್ ಸಿಮ್ ತಗೊಳ್ಳೋ ಮುಂಚೆ ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸೋದು ಕ್ಷೇಮ. ತಿಳಿಸದೆ ಮಾಡಿದ್ರೆ ಸಾಕ್ಷ್ಯ ತಿರುಚೋಕೆ ಹೊರಟಿದ್ದಾನೆ ಅನ್ನೋ ಮಾತು ಬರುತ್ತೆ.

ಫೋನ್ ಬಿಡಿಸಿಕೊಳ್ಳೋಕೆ ಜೆಎಂಎಫ್‌ಸಿ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಹಳೇ ಸಿಆರ್‌ಪಿಸಿಯ 451 ಮತ್ತು 457 ಈಗ 497 ಮತ್ತು 503 ಆಗಿವೆ. ಜಪ್ತಿ ಮಾಡಿದ ವಸ್ತುಗಳು ಠಾಣೆಯಲ್ಲಿ ಸುಮ್ಮನೆ ಕೊಳೀಬಾರದು, ಫೋಟೋ ತೆಗೆದು ಬಾಂಡ್ ಬರೆಸ್ಕೊಂಡು ಮಾಲೀಕರಿಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಈಗಿನ 497ರಲ್ಲಿ ಗಡುವೂ ಇದೆ. ಸ್ವತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಣೆ ಸಿದ್ಧ ಮಾಡಿ, ಫೋಟೋ ಅಥವಾ ವಿಡಿಯೋ ಮಾಡಿಸಿ, ನಂತರ 30 ದಿನದೊಳಗೆ ಏನು ಮಾಡಬೇಕು ಅಂತ ಆದೇಶ ಆಗಬೇಕು. ಆದರೂ ಡೇಟಾ ತೆಗೆಯೋದು ಬಾಕಿ ಇದ್ರೆ ಪೊಲೀಸರು ಆಕ್ಷೇಪಣೆ ಹಾಕ್ತಾರೆ, ಕೋರ್ಟೂ ಸಾಮಾನ್ಯವಾಗಿ ಕಾಯಿ ಅನ್ನುತ್ತೆ. ಅದಕ್ಕೇ ಅರ್ಜಿಯಲ್ಲಿ 'ಪೂರ್ತಿ ಪ್ರತಿ ತೆಗೆದುಕೊಂಡು ಫೋನ್ ಬಿಡುಗಡೆ ಮಾಡಿ' ಅಂತ ಕೇಳೋದು ವಾಡಿಕೆ. ಕೊಡುವಾಗ ಮಾರಬಾರದು, ಬದಲಾಯಿಸಬಾರದು, ಕರೆದಾಗ ಹಾಜರುಪಡಿಸಬೇಕು ಅನ್ನೋ ಷರತ್ತು ಇರುತ್ತೆ.

ವಕೀಲರಿಗೆ ಫೀಸು ಕೊಡೋಕೆ ಆಗದವರು ಕೋರ್ಟ್ ಆವರಣದಲ್ಲೇ ಇರೋ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು. ಠಾಣೆಯಲ್ಲಿ ಹೊಡೆದು ಪಾಸ್‌ವರ್ಡ್ ಹೇಳಿಸಿದ್ರೆ, ಬಂಧನ ಆಗಿದ್ದಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಅಲ್ಲೇ ಬಾಯಿಬಿಟ್ಟು ಹೇಳಬೇಕು, ವೈದ್ಯಕೀಯ ತಪಾಸಣೆ ಕೇಳಬೇಕು. ಆಮೇಲೆ ಹೇಳಿದ್ರೆ ನಂಬೋರು ಕಡಿಮೆ.

ಬಿಡುಗಡೆ ಅರ್ಜಿಗೆ ಫೋನ್ ತನ್ನದೇ ಅನ್ನೋ ದಾಖಲೆ ಬೇಕು. ತಾಲ್ಲೂಕಿನಲ್ಲಿ ಬಹಳ ಜನ ಎಡವೋದು ಇಲ್ಲೇ. ಸೆಕೆಂಡ್ ಹ್ಯಾಂಡ್ ಫೋನ್, ಬಿಲ್ ಇಲ್ಲ, ಡಬ್ಬ ಎಸೆದಾಗಿದೆ. ಇಎಂಐನಲ್ಲಿ ತಗೊಂಡಿದ್ರೆ ಫೈನಾನ್ಸ್ ಕಂಪನಿಯ ಸ್ಟೇಟ್‌ಮೆಂಟ್ ಕೇಳಿ ತರಬಹುದು. ಅದೂ ಇಲ್ಲದಿದ್ರೆ ಮಾರಿದವರಿಂದ ಒಂದು ಬರಹ, ಅದರಲ್ಲಿ ಐಎಂಇಐ ನಂಬರ್. ಡಬ್ಬದ ಮೇಲೆ ಐಎಂಇಐ ಅಚ್ಚಾಗಿರುತ್ತೆ, ಆದ್ದರಿಂದ ಡಬ್ಬವನ್ನೂ ಬಿಲ್ಲನ್ನೂ ಅಂಗಡಿಯ ಲೆಕ್ಕದ ಕಾಗದಗಳ ಜೊತೆಯಲ್ಲೇ ಇಟ್ಟಿರಬೇಕು.